ನನ್ನ ಡ್ರೈವ್‌ನಿಂದ ಮಾತ್ರ ತೆಗೆದೆ ಅಂದುಕೊಂಡಿದ್ದೆ

ಗೂಗಲ್ ಡ್ರೈವ್ ತುಂಬಿಹೋಯಿತು ಅನ್ನುವ ಸೂಚನೆ ಬಂದ ದಿನ ಇದೆಲ್ಲ ಶುರುವಾಯಿತು. ನನ್ನದು ಉಚಿತ ಖಾತೆ, 15 ಜಿಬಿ ಜಾಗ. ಮೇಲ್, ಫೋಟೋ, ಡ್ರೈವ್ ಎಲ್ಲ ಸೇರಿ ಅಷ್ಟೇ. ಜಾಗ ಖಾಲಿ ಮಾಡೋಣ ಅಂತ ಮೊದಲು ಕೈಹಾಕಿದ್ದು "Shared with me" ಪಟ್ಟಿಗೆ. ಬೇರೆಯವರು ಕಳಿಸಿದ ಹಳೇ ಫೈಲುಗಳು ಅಲ್ಲಿ ರಾಶಿ ಬಿದ್ದಿದ್ದವು. ಅರವತ್ತಕ್ಕೂ ಜಾಸ್ತಿ ಫೈಲುಗಳನ್ನು ಒಂದೊಂದಾಗಿ ಆರಿಸಿ "Remove" ಒತ್ತಿದೆ. ಆಮೇಲೆ ಸ್ಟೋರೇಜ್ ಎಷ್ಟು ಕಡಿಮೆಯಾಗಿದೆ ಅಂತ ನೋಡಿದರೆ ಒಂದಿಷ್ಟೂ ಕದಲಿಲ್ಲ.

ಕದಲುವುದೂ ಇಲ್ಲ. ಫೈಲ್ ಯಾರ ಹೆಸರಿನಲ್ಲಿದೆಯೋ ಅವರ ಜಾಗ ಮಾತ್ರ ಖರ್ಚಾಗುತ್ತದೆ. ಬೇರೆಯವರ ಫೈಲ್ ನನ್ನ ಪಟ್ಟಿಯಲ್ಲಿ ಕಾಣುತ್ತದೆ, ಅಷ್ಟೇ. ಅದನ್ನು ತೆಗೆದರೆ ನನ್ನ ಕಣ್ಣಿಂದ ಮರೆಯಾಗುತ್ತದೆ. ಓನರ್‌ಗೆ ಏನೂ ಆಗುವುದಿಲ್ಲ, ಉಳಿದವರಿಗೂ ಏನೂ ಆಗುವುದಿಲ್ಲ. ನನಗೆ ಕೊಟ್ಟಿದ್ದ ಅನುಮತಿ ಕೂಡ ಹಾಗೇ ಇರುತ್ತದೆ. ಹಳೇ ಮೇಲ್‌ನಲ್ಲಿದ್ದ ಲಿಂಕ್ ಒತ್ತಿ ನೋಡಿದೆ. ತೆಗೆದ ಫೈಲ್ ಆರಾಮಾಗಿ ತೆರೆಯಿತು.

ಇಲ್ಲಿ ನನಗೆ ಅತಿಯಾದ ಧೈರ್ಯ ಬಂತು. ಬೇರೆಯವರ ಫೈಲ್ ತೆಗೆದರೆ ಯಾರಿಗೂ ತೊಂದರೆ ಇಲ್ಲ ಅಂತ ಒಂದು ನಿಯಮ ಮಾಡಿಕೊಂಡೆ. ಅದು ಅರ್ಧ ಮಾತ್ರ ಸರಿ.

ಆಗ ನಾವು ಐದು ಜನ ಸೇರಿ ಒಂದು ತರಬೇತಿ ಕೈಪಿಡಿ ಮಾಡುತ್ತಿದ್ದೆವು. ಎಲ್ಲ ಸಾಮಗ್ರಿಗೂ ಒಂದೇ ಫೋಲ್ಡರ್. ಫೋಲ್ಡರ್‌ನ ಓನರ್ ನಮ್ಮ ಸಂಯೋಜಕರು, ಉಳಿದ ನಾಲ್ವರು ಎಡಿಟರ್‌ಗಳು. ಅದರೊಳಗೆ ಅಧ್ಯಾಯಗಳ ಪಟ್ಟಿಯ ಒಂದು ಶೀಟ್ ಇತ್ತು. ಅದನ್ನು ಮಾಡಿದ್ದು ಗುಂಪಿನ ಗೆಳತಿಯೊಬ್ಬಳು, ಹಾಗಾಗಿ ಶೀಟ್‌ನ ಓನರ್ ಅವಳು. ನನ್ನ ಭಾಗದ ಕೆಲಸ ಮುಗಿದಿತ್ತು. ಸುಮ್ನೆ ಕಣ್ಣೆದುರು ಯಾಕೆ ಅಂತ ಆ ಫೋಲ್ಡರ್ ತೆರೆದು ಶೀಟನ್ನು ತೆಗೆದುಹಾಕಿದೆ. ಎಚ್ಚರಿಕೆಯ ಒಂದು ಪೆಟ್ಟಿಗೆ ಎದ್ದು ಬಂತು. ಓದದೆ ಒತ್ತಿದೆ.

ಮರುದಿನ ಸಂಯೋಜಕರ ಫೋನ್: "ಪಟ್ಟಿ ಎಲ್ಲಿ ಹೋಯ್ತು? ಫೋಲ್ಡರ್‌ನಲ್ಲಿ ಇಲ್ವಲ್ಲ." ಇನ್ನೊಬ್ಬರಿಗೂ ಸಿಗುತ್ತಿಲ್ಲ. ಮೂರನೆಯವರು ಮಾತ್ರ, "ನಂಗೆ ತೆರೀತಾ ಇದೆಯಲ್ಲ" ಅಂದರು. ಇದು ಎಲ್ಲರಿಗೂ ತಲೆಕೆಡಿಸಿತು. ಡಿಲೀಟ್ ಆಗಿದ್ದರೆ ಎಲ್ಲರಿಗೂ ಹೋಗಬೇಕಿತ್ತು, ಅಲ್ವಾ?

ಆಗಿದ್ದು ಇಷ್ಟು. "Shared with me" ಪಟ್ಟಿಯಿಂದ ತೆಗೆಯುವುದು ನನ್ನೊಬ್ಬನ ವಿಷಯ. ಹಂಚಿಕೊಂಡ ಫೋಲ್ಡರ್‌ನ ಒಳಗಿನಿಂದ ತೆಗೆಯುವುದು ಹಾಗಲ್ಲ. ಫೋಲ್ಡರ್ ಎಲ್ಲರಿಗೂ ಒಂದೇ. ಎಡಿಟರ್ ಆಗಿದ್ದ ನಾನು ಅಲ್ಲಿಂದ ಶೀಟನ್ನು ಹೊರಗಿಟ್ಟರೆ ಅದು ಎಲ್ಲರ ಪಾಲಿಗೂ ಹೊರಗೆ ಹೋಯಿತು. ಶೀಟ್ ಅಳಿಯಲಿಲ್ಲ, ಓನರ್‌ನ "My Drive" ಒಳಗೆ ಹೋಗಿ ಕುಳಿತಿತು. ಆದರೆ ಸಂಯೋಜಕರಿಗೂ ನನಗೂ ಇನ್ನೊಬ್ಬರಿಗೂ ಆ ಶೀಟ್ ಸಿಗುತ್ತಿದ್ದದ್ದು ಫೋಲ್ಡರ್‌ನ ಮೂಲಕ. ಫೋಲ್ಡರ್‌ನಿಂದ ಹೊರಬಿದ್ದ ಕ್ಷಣ ಆ ಅನುಮತಿಯೂ ಹೋಯಿತು. ಆ ಮೂರನೆಯವರಿಗೆ ಗೆಳತಿ ಯಾವತ್ತೋ ಶೀಟನ್ನು ನೇರವಾಗಿ ಅವರ ಮೇಲ್ ವಿಳಾಸಕ್ಕೇ ಶೇರ್ ಮಾಡಿದ್ದಳು. ಅದು ಬೇರೆ ಅನುಮತಿ, ಅದು ಉಳಿಯಿತು.

ಫೋಲ್ಡರ್‌ನ ಓನರ್‌ಗೇ ಒಳಗಿನ ಫೈಲ್ ಸಿಗದೆ ಹೋಗಬಹುದು ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಫೋಲ್ಡರ್ ನಿಮ್ಮದಾದ ಮಾತ್ರಕ್ಕೆ ಅದರೊಳಗೆ ಬೇರೆಯವರು ಮಾಡಿದ ಫೈಲ್ ನಿಮ್ಮದಾಗುವುದಿಲ್ಲ.

ಸರಿ ಮಾಡೋಣ ಅಂತ ನೋಡಿದರೆ ನನ್ನ ಅನುಮತಿಯೂ ಹೋಗಿತ್ತು. ಲಿಂಕ್ ಒತ್ತಿದರೆ "You need access" ಅಂತ ಬಂತು. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಫೈಲ್ ಇದೆ, ನಿಮಗೆ ಅನುಮತಿ ಇಲ್ಲ ಅಂತ ಅದರ ಅರ್ಥ. ಫೈಲ್ ನಿಜವಾಗಿಯೂ ಅಳಿದುಹೋಗಿದ್ದರೆ ಬರುವುದು ಬೇರೆ ವಾಕ್ಯ: "Sorry, the file you have requested does not exist." ಮೊದಲನೆಯದು ಬಂದರೆ ಗಾಬರಿ ಬೇಡ, ಓನರ್‌ನನ್ನು ಹುಡುಕಿ.

ಗೆಳತಿಗೆ ಫೋನ್ ಮಾಡಿ ಡ್ರೈವ್‌ನ ಹುಡುಕು ಪೆಟ್ಟಿಗೆಯಲ್ಲಿ `owner:me` ಅಂತ ಟೈಪ್ ಮಾಡಿ, ಪಕ್ಕದಲ್ಲಿ ಶೀಟ್‌ನ ಹೆಸರು ಹಾಕಲು ಹೇಳಿದೆ. ತಕ್ಷಣ ಸಿಕ್ಕಿತು. ಅವಳು ಅದನ್ನು ಎಳೆದು ಮತ್ತೆ ಫೋಲ್ಡರ್‌ಗೆ ಹಾಕಿದಳು. ಎಲ್ಲರಿಗೂ ಮೊದಲಿನಂತೆ ಕಾಣಿಸಿತು. ಯಾರು ತೆಗೆದರು ಅನ್ನುವುದನ್ನು ಹೇಳಿಕೊಳ್ಳಲು ನನಗೆ ಅವಕಾಶವೇ ಸಿಗಲಿಲ್ಲ. ಫೋಲ್ಡರ್‌ನ "Activity" ಪಟ್ಟಿಯಲ್ಲಿ ನನ್ನ ಹೆಸರು, ಸಮಯ ಎರಡೂ ಇದ್ದವು.

ಇಷ್ಟಾದರೂ ನನ್ನ ಜಾಗದ ಸಮಸ್ಯೆ ಹಾಗೇ ಇತ್ತು. ಈ ಸಲ ಎಡಗಡೆಯ "Storage" ಒತ್ತಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಅಲ್ಲಿ ಬರುವುದು ನನ್ನ ಜಾಗ ತಿನ್ನುವ ಫೈಲುಗಳು ಮಾತ್ರ, ದೊಡ್ಡದು ಮೇಲೆ. ತುದಿಯಲ್ಲೇ ನಾಲ್ಕು ವಿಡಿಯೋ, ಒಟ್ಟು 3 ಜಿಬಿಗೆ ಹತ್ತಿರ. ಅದೇ ಕೈಪಿಡಿಗೆ ನಾನು ಚಿತ್ರೀಕರಿಸಿ ಹಾಕಿದ್ದು. ಅವು ಇನ್ನು ಯಾರಿಗೂ ಬೇಕಿಲ್ಲ ಅಂತ ನಾನೇ ತೀರ್ಮಾನಿಸಿ "Move to trash" ಒತ್ತಿದೆ. ಕೆಲವರ ಪರದೆಯಲ್ಲಿ "trash" ಬದಲು "bin" ಅಂತ ಇರುತ್ತದೆ, ಎರಡೂ ಒಂದೇ.

ಯಾರೂ ಏನೂ ಅನ್ನಲಿಲ್ಲ. ಇದೇ ಈ ಎರಡನೇ ತಪ್ಪಿನ ಅಪಾಯ. ಓನರ್ ಫೈಲನ್ನು ಟ್ರ್ಯಾಶ್‌ಗೆ ಹಾಕಿದರೆ ಅದು ಉಳಿದವರ ಫೋಲ್ಡರ್ ಪಟ್ಟಿಯಿಂದ ಹೋಗುತ್ತದೆ. ಆದರೆ ಲಿಂಕ್ ಇಟ್ಟುಕೊಂಡವರು ಇನ್ನೂ ನೋಡಬಹುದು. ಫೈಲ್ ಶಾಶ್ವತವಾಗಿ ಅಳಿಯುವವರೆಗೂ ಲಿಂಕ್ ಕೆಲಸ ಮಾಡುತ್ತಿರುತ್ತದೆ. ಟ್ರ್ಯಾಶ್‌ನಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ತಾನಾಗಿ ಅಳಿಯುತ್ತದೆ. ಹಾಗಾಗಿ ಲಿಂಕ್ ಬಳಸುವವರಿಗೆ ಒಂದು ತಿಂಗಳು ಏನೂ ಗೊತ್ತಾಗುವುದಿಲ್ಲ. 31ನೇ ದಿನ ಎಲ್ಲರಿಗೂ ಒಟ್ಟಿಗೆ ಗೊತ್ತಾಗುತ್ತದೆ.

ನಮ್ಮ ಅದೃಷ್ಟಕ್ಕೆ ಗುಂಪಿನ ಒಬ್ಬರು ಹನ್ನೊಂದನೇ ದಿನ ಕೇಳಿದರು: "ವಿಡಿಯೋ ಫೋಲ್ಡರ್‌ನಲ್ಲಿ ಕಾಣಲ್ಲ. ಹಳೇ ಮೇಲ್ ಲಿಂಕ್ ಒತ್ತಿದ್ರೆ ಬರುತ್ತೆ. ಏನಿದು?" ಹೀಗೆ ಯಾರಾದರೂ ಹೇಳಿದರೆ ಓನರ್‌ನ ಟ್ರ್ಯಾಶ್ ನೋಡಬೇಕು. ನಾನು ಟ್ರ್ಯಾಶ್ ತೆರೆದು ನಾಲ್ಕನ್ನೂ ಆರಿಸಿ "Restore" ಕೊಟ್ಟೆ. ಹಳೇ ಜಾಗಕ್ಕೆ, ಹಳೇ ಶೇರಿಂಗ್ ಸಮೇತ ವಾಪಸ್ ಬಂದವು.

ಅದೃಷ್ಟ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಟ್ರ್ಯಾಶ್‌ನಲ್ಲಿರುವ ಫೈಲ್ ಕೂಡ ಜಾಗ ತಿನ್ನುತ್ತದೆ. ಜಾಗಕ್ಕಾಗಿ ಡಿಲೀಟ್ ಮಾಡುವವರು ಸಾಮಾನ್ಯವಾಗಿ ಕೂಡಲೇ "Empty trash" ಒತ್ತುತ್ತಾರೆ. ಒತ್ತಿದರೆ ಆ 30 ದಿನದ ಬಿಡುವು ಅಲ್ಲಿಗೇ ಮುಗಿಯಿತು. ನಾನು ಅವತ್ತು ಒತ್ತದೇ ಇದ್ದದ್ದು ಜಾಣತನದಿಂದಲ್ಲ, ಮರೆತಿದ್ದೆ.

ಈಗ ಪ್ರಶ್ನೆ: ನನಗೆ ಜಾಗ ಬೇಕು, ಗುಂಪಿಗೆ ವಿಡಿಯೋ ಬೇಕು. ನಾನು ತೆಗೆದರೆ ಎಲ್ಲರಿಗೂ ಹೋಗುತ್ತದೆ. ದಾರಿ ಒಂದೇ, ಓನರ್ ಬದಲಾಯಿಸುವುದು. ಸಂಯೋಜಕರ ಖಾತೆಯಲ್ಲಿ ಜಾಗ ಇತ್ತು. ಫೈಲ್ ಮೇಲೆ "Share" ತೆರೆದು, ಅವರ ಹೆಸರಿನ ಪಕ್ಕದ ಬಾಣ ಒತ್ತಿ "Transfer ownership" ಆರಿಸಿ, "Send invitation" ಕೊಟ್ಟೆ. ವೈಯಕ್ತಿಕ ಖಾತೆಗಳಲ್ಲಿ ಅವರು ಒಪ್ಪಿಕೊಳ್ಳುವವರೆಗೆ ಏನೂ ಬದಲಾಗುವುದಿಲ್ಲ. ಓನರ್ ನಾನೇ, ಜಾಗವೂ ನನ್ನದೇ. ಕಚೇರಿ ಖಾತೆ ಆಗಿದ್ದರೆ ಸಂಸ್ಥೆಯ ಹೊರಗಿನವರಿಗೆ ಹೀಗೆ ಕೊಡಲು ಆಗುವುದಿಲ್ಲ.

ಇಲ್ಲೂ ಒಂದು ಕಡೆ ಎಡವಿದೆ. ಮೊದಲು ವಿಡಿಯೋಗಳಿದ್ದ ಒಳಫೋಲ್ಡರ್ ಒಂದನ್ನೇ ಅವರಿಗೆ ವರ್ಗಾಯಿಸಿದೆ. ಅವರು ಒಪ್ಪಿಕೊಂಡರು. ನನ್ನ ಸ್ಟೋರೇಜ್ ಮಾತ್ರ ಇದ್ದಲ್ಲೇ ಇತ್ತು. ಫೋಲ್ಡರ್ ಕೊಟ್ಟರೆ ಫೋಲ್ಡರ್ ಮಾತ್ರ ಹೋಗುತ್ತದೆ, ಒಳಗಿನ ಫೈಲುಗಳು ಹಳೇ ಓನರ್ ಹೆಸರಿನಲ್ಲೇ ಉಳಿಯುತ್ತವೆ. ಹಾಗಾಗಿ ನಾಲ್ಕು ವಿಡಿಯೋಗೂ ಬೇರೆ ಬೇರೆ ಆಹ್ವಾನ ಕಳಿಸಬೇಕಾಯಿತು. ಅವರೇ ಕಾಪಿ ಮಾಡಿಕೊಳ್ಳಲಿ, ನಾನು ಮೂಲ ಅಳಿಸುತ್ತೇನೆ ಅನ್ನುವ ಯೋಚನೆಯೂ ಬಂದಿತ್ತು. ಆದರೆ ಕಾಪಿಗೆ ಹೊಸ ಲಿಂಕ್ ಬರುತ್ತದೆ. ಕೈಪಿಡಿಯ ಒಳಗೆಲ್ಲ ಹಳೇ ಲಿಂಕ್ ಹಾಕಿಬಿಟ್ಟಿದ್ದೆವು. ಓನರ್ ಬದಲಾದರೆ ಲಿಂಕ್ ಬದಲಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಒಮ್ಮೆ ಬಂತು. ತಪ್ಪು ಅಂಕಿಗಳಿದ್ದ ನನ್ನದೇ ಒಂದು ಡಾಕ್ಯುಮೆಂಟ್ ಯಾರಿಗೂ ಸಿಗಬಾರದು ಅನ್ನಿಸಿತು. ಟ್ರ್ಯಾಶ್‌ಗೆ ಹಾಕಿದರೆ ಲಿಂಕ್ ಇನ್ನೂ ತೆರೆಯುತ್ತದಲ್ಲ! ಹಾಗಾಗಿ ಮೊದಲು "Share" ತೆರೆದು ಒಬ್ಬೊಬ್ಬರಿಗೂ "Remove access" ಕೊಟ್ಟೆ, ಲಿಂಕ್ ಇದ್ದವರಿಗೆಲ್ಲ ಅನ್ನುವುದನ್ನು "Restricted" ಮಾಡಿದೆ, ಆಮೇಲೆ ಟ್ರ್ಯಾಶ್. ಅಷ್ಟರಲ್ಲಿ ಯಾರಾದರೂ ಡೌನ್‌ಲೋಡ್ ಅಥವಾ ಕಾಪಿ ಮಾಡಿಕೊಂಡಿದ್ದರೆ ಅದು ಅವರ ಫೈಲ್, ಅದನ್ನು ನಾನು ಮುಟ್ಟಲು ಆಗದು. ಇಬ್ಬರಿಗೆ ಫೋನ್ ಮಾಡಿ ಅಳಿಸಲು ಹೇಳಿದೆ.

ಕಚೇರಿಗಳಲ್ಲಿ ಬಳಸುವ "Shared drives" ಬೇರೆ ಜಾತಿ. ಅಲ್ಲಿ ಫೈಲಿಗೆ ಒಬ್ಬ ಓನರ್ ಅಂತ ಇಲ್ಲ, ಆ ಡ್ರೈವೇ ಓನರ್. ಅಲ್ಲಿ ಅನುಮತಿ ಇದ್ದವರು ಟ್ರ್ಯಾಶ್‌ಗೆ ಹಾಕಿದರೆ ಎಲ್ಲರಿಗೂ ಹಾಕಿದಂತೆಯೇ. ನನ್ನ ಪಟ್ಟಿ, ನಿಮ್ಮ ಪಟ್ಟಿ ಅನ್ನುವ ಮಾತೇ ಇಲ್ಲ.

ಈಗ ಏನೇ ತೆಗೆಯುವ ಮುಂಚೆ ಎರಡು ಸಂಗತಿ ನೋಡುತ್ತೇನೆ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ವಿವರದಲ್ಲಿ ಓನರ್ ಯಾರು ಅಂತ ಒಂದು. ನಾನು ನಿಂತಿರುವ ಜಾಗ "Shared with me" ಪಟ್ಟಿಯೋ, ಯಾರದೋ ಫೋಲ್ಡರ್ ಒಳಗೋ ಅಂತ ಇನ್ನೊಂದು. ಚಿಕ್ಕ ಬಾಣದ ಗುರುತಿರುವ ಶಾರ್ಟ್‌ಕಟ್ ಆಗಿದ್ದರೆ ಯೋಚನೆಯೇ ಇಲ್ಲ, ಅದನ್ನು ಅಳಿಸಿದರೆ ಮೂಲ ಫೈಲಿಗೆ ಏನೂ ಆಗದು.

ಸಂಯೋಜಕರು ನಾಲ್ಕನೇ ವಿಡಿಯೋದ ಆಹ್ವಾನ ಒಪ್ಪಿಕೊಂಡದ್ದು ಮೂರನೇ ದಿನ. ಸ್ಟೋರೇಜ್ ಪಟ್ಟಿ ತೆರೆದು ನೋಡಿದರೆ ಆ ನಾಲ್ಕೂ ಮೇಲಿನಿಂದ ಮಾಯವಾಗಿದ್ದವು. ಫೋಲ್ಡರ್‌ನಲ್ಲಿ ಮಾತ್ರ ಇದ್ದಲ್ಲೇ ಇದ್ದವು, ಓನರ್ ಅಂತ ಇದ್ದಲ್ಲಿ ಅವರ ಹೆಸರು.