ಯಾವ ಸಾಲ ಮೊದಲು ಕಟ್ಟುತ್ತಾರೆ? ಗ್ರೌಂಡೆಡ್ ಥಿಯರಿ ನನಗೆ ಕೈಗೆ ಸಿಕ್ಕಿದ್ದು ಹೀಗೆ

"ಹೈಪಾಥಿಸಿಸ್ ಇಲ್ಲ, ಸ್ಯಾಂಪಲ್ ಸೈಜ್ ಇಲ್ಲ, ಇದೆಂಥ ಪಿಎಚ್‌ಡಿ?" ಎಂದು ಸಮಿತಿಯಲ್ಲಿ ಕೇಳಿದವರೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಮೊದಲೇ ಊಹೆ ಇಟ್ಟುಕೊಳ್ಳದೆ, ಜನರ ಮಾತಿನಿಂದಲೇ ಸಿದ್ಧಾಂತ ಕಟ್ಟುವ ವಿಧಾನ ಗ್ರೌಂಡೆಡ್ ಥಿಯರಿ. ಅದನ್ನು ನಾನು ಮಾಡಿದ್ದು ಹೇಗೆ ಅಂತ ಬರೆದುಬಿಡೋಣ ಅನ್ನಿಸಿತು.

ನಾಲ್ಕೈದು ಕಡೆ ಸಾಲ ಮಾಡಿರುವ ಹೆಂಗಸರು ಯಾವ ಕಂತನ್ನು ಮೊದಲು ಕಟ್ಟುತ್ತಾರೆ ಅನ್ನೋದು ನನ್ನ ವಿಷಯ. ಮೊದಲು ದುಡ್ಡು ನೀರಿಗೆ ಹೋಗಿದ್ದು ಸಂದರ್ಶನಗಳ ಟ್ರಾನ್ಸ್‌ಕ್ರಿಪ್ಷನ್‌ಗೆ. ಹತ್ತು ಸಾವಿರದ ಹತ್ತಿರ ಕೊಟ್ಟು ಬರೆಸಿದ್ದರಲ್ಲಿ "ಜಗಲಿ ಮ್ಯಾಲೇ ಕೂತ್ಬಿಟ್ರು" ಅನ್ನೋ ಮಾತು "ಮನೆಗೆ ಭೇಟಿ ನೀಡಿದರು" ಆಗಿತ್ತು. ಎಲ್ಲವನ್ನೂ ನಾನೇ ಮತ್ತೆ ಕೇಳಿ ಬರೆದೆ. ಬರೆಯೋದೇ ಬೇಡ, ಆಡಿಯೋ ಕೇಳುತ್ತಲೇ ಕೋಡ್ ಮಾಡೋಣ, ಅಂದರೆ ಮಾತಿನ ಒಂದೊಂದು ತುಣುಕಿಗೂ ಒಂದು ಹೆಸರು ಕೊಡೋಣ ಅಂತಲೂ ಒಂದೆರಡು ವಾರ ನೋಡಿದೆ. ಅಳು, ಮೌನ ಚೆನ್ನಾಗಿ ಸಿಗುತ್ತವೆ. ಆದರೆ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಆಗಲ್ಲ. ಬಿಟ್ಟೆ.

ಹೀಗೆ ಹೆಸರು ಕೊಡುವ ಮೊದಲ ಸುತ್ತಾದ ಓಪನ್ ಕೋಡಿಂಗ್‌ನಲ್ಲಿ ಮುನ್ನೂರರಷ್ಟು ಕೋಡ್ ಬಂದವು. "ಬಡತನ", "ಒತ್ತಡ" ಥರದವನ್ನೆಲ್ಲ ಕಿತ್ತುಹಾಕಿದೆ. ಯಾರು ಏನು ಮಾಡಿದರು ಅಂತ ಅವು ಹೇಳೋದೇ ಇಲ್ಲ, ಅಲ್ವಾ?

ದಾರಿ ತೆರೆದದ್ದು ಹೋಲಿಕೆಯಿಂದ. ಒಬ್ಬಾಕೆ ಪಕ್ಕದ ಮನೆಯಲ್ಲಿ ಕೈಸಾಲ ತಂದು ಗುಂಪಿನ ಕಂತು ಕಟ್ಟಿದ್ದಳು. ಅದೇ ತಿಂಗಳು ಬ್ಯಾಂಕಲ್ಲಿ ಅಡವಿಟ್ಟ ಸರದ ಬಡ್ಡಿ ಕಟ್ಟಿರಲಿಲ್ಲ. ಎರಡಕ್ಕೂ ಇದ್ದದ್ದು "ಹಣ ಹೊಂದಿಸುವುದು" ಎಂಬ ಒಂದೇ ಕೋಡ್. ಬ್ಯಾಂಕಿನ ನೋಟಿಸ್ ಬಂದರೆ ಅವಳಿಗಷ್ಟೇ ಗೊತ್ತು. ಗುಂಪಿನವರು ಜಗಲಿ ಮೇಲೆ ಕೂತರೆ ಇಡೀ ಬೀದಿಗೆ ಗೊತ್ತು. ಅವತ್ತೇ ಮೆಮೊ ಬರೆದು ಕೋಡ್ ಒಡೆದೆ: ಬೀದಿಗೆ ಕಾಣುವ ಸಾಲ, ಕಾಣದ ಸಾಲ.

ಕೋಡುಗಳ ನಡುವೆ ಸಂಬಂಧ ಕಟ್ಟುವ ಆಕ್ಸಿಯಲ್ ಕೋಡಿಂಗ್‌ಗೆ ಸ್ಟ್ರಾಸ್–ಕಾರ್ಬಿನ್ ಚೌಕಟ್ಟು ಹಿಡಿದೆ. ಸನ್ನಿವೇಶ: ನೋಡುವವರು ಇರೋದು. ಕ್ರಿಯೆ: ಕೈಸಾಲ ತಂದು ಕಟ್ಟೋದು. ಪರಿಣಾಮ: ಹೊಸ ಸಾಲ, ಆದರೆ ಗುಟ್ಟಾಗಿ. ಈ ಚೌಕಟ್ಟು ಡೇಟಾವನ್ನು ಬಲವಂತ ಮಾಡುತ್ತದೆ ಎಂದು, ಸ್ಟ್ರಾಸ್ ಜೊತೆ ಗ್ರೌಂಡೆಡ್ ಥಿಯರಿ ಹುಟ್ಟುಹಾಕಿದ ಗ್ಲೇಸರ್ 1992ರಲ್ಲೇ ಜಗಳ ತೆಗೆದಿದ್ದರು. ಅವರ ಮಾತಲ್ಲಿ ಹುರುಳಿದೆ. ತುಂಬದ ಖಾನೆಗಳನ್ನು ನಾನು ಖಾಲಿಯೇ ಬಿಟ್ಟೆ.

ಅಲ್ಲಿವರೆಗೆ ಮಾತಾಡಿಸಿದವರೆಲ್ಲ ಗಂಡನ ಊರಲ್ಲೇ ಇದ್ದವರು. ನೋಡುವವರೇ ಕಾರಣ ಆದರೆ, ಯಾರೂ ಗುರುತಿಲ್ಲದ ಕಡೆ ಗುಂಪಿನ ಕಂತು ಸಡಿಲ ಆಗಬೇಕು. ಹಾಗಂತ ಪಟ್ಟಣದ ಬಾಡಿಗೆ ಮನೆಗಳಲ್ಲಿದ್ದ ಗಾರ್ಮೆಂಟ್ಸ್ ಕೆಲಸದವರನ್ನು ಹುಡುಕಿದೆ. ಬಸ್ಸು, ಊಟ ಅಂತ ಮತ್ತೆ ಆರೇಳು ಸಾವಿರ. ಕೆಲವರು ನಿಜಕ್ಕೂ ಬಿಟ್ಟಿದ್ದರು. ಆದರೆ ಗುಂಪಿನ ಲೀಡರ್ ತಮ್ಮ ತವರಿನ ಕಡೆಯವಳಾಗಿದ್ದರೆ ಉಪವಾಸ ಇದ್ದಾದರೂ ಕಟ್ಟುತ್ತಿದ್ದರು. ಅಂದರೆ ಎಷ್ಟು ಜನ ನೋಡುತ್ತಾರೆ ಅನ್ನೋದಲ್ಲ, ಯಾರು ನೋಡುತ್ತಾರೆ ಅನ್ನೋದು.

"ಯಾರ ಮುಂದೆ ತಲೆ ತಗ್ಗಬಾರದು" ಅನ್ನೋದೇ ಎಲ್ಲವನ್ನೂ ಹಿಡಿದಿಡುವ ಕೋರ್ ಕೆಟಗರಿ ಆಯಿತು. ಉಳಿದದ್ದನ್ನೆಲ್ಲ ಇದರ ಸುತ್ತ ಜೋಡಿಸುವ ಸೆಲೆಕ್ಟಿವ್ ಕೋಡಿಂಗ್‌ನಲ್ಲಿ ಬಡ್ಡಿ ದರ ಒಂದು ಸಣ್ಣ ಸನ್ನಿವೇಶವಾಗಿ ಕುಗ್ಗಿತು. ಗಂಡನ ಕುಡಿತದ ಕೋಡ್‌ಗಳು ಇದಕ್ಕೆ ಅಂಟಲಿಲ್ಲ, ಸಂಕಟಪಟ್ಟುಕೊಂಡೇ ತೆಗೆದೆ. ಕೊನೆಯ ಮೂರ್ನಾಲ್ಕು ಸಂದರ್ಶನಗಳಲ್ಲಿ ಈ ಕೆಟಗರಿಗೆ ಹೊಸ ಗುಣ ಏನೂ ಸೇರಲಿಲ್ಲ. ನಿಲ್ಲಿಸಿದೆ. ಕಂತು ಬಿಟ್ಟವರು ನನ್ನ ಹತ್ತಿರ ಬಾಯಿ ಬಿಟ್ಟಿದ್ದು ಹೇಗೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ವೈವಾದಲ್ಲಿ "ಎಷ್ಟು ಪರ್ಸೆಂಟ್ ಹೆಂಗಸರು ಹೀಗೆ ಮಾಡ್ತಾರೆ?" ಅಂದರು. "ಅದಕ್ಕೆ ಸರ್ವೆ ಮಾಡಬೇಕು ಸರ್. ಏನನ್ನ ಎಣಿಸಬೇಕು ಅಂತ ಈಗ ಗೊತ್ತಾಗಿದೆ" ಅಂದೆ.