ಬದಿಯಡ್ಕದ ಲೈನು, ಕುಂಬಳೆಯ ಲೆಡ್ಜರು

ಕಾಸರಗೋಡಿನ ಒಂದು ಕೃಷಿ ಸಹಕಾರಿ ಸಂಘದ ಸರ್ವರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಪೇಟೆಯ ಮುಖ್ಯ ಕಚೇರಿಯಲ್ಲಿದೆ. ಬದಿಯಡ್ಕ, ಕುಂಬಳೆಯ ಶಾಖೆಗಳು ಫೈಬರ್ ಲೈನಿನ ಮೇಲೆ ವಿಪಿಎನ್ ಮೂಲಕ ಅದಕ್ಕೆ ಸೇರುತ್ತವೆ. ಅಡಿಕೆ ಖರೀದಿ ಜೋರಾಗಿದ್ದ ಸಮಯದಲ್ಲಿ ಎರಡೂ ಕಡೆಯಿಂದ ‘ಸಿಸ್ಟಮ್ ಸ್ಲೋ’ ಎಂಬ ದೂರು ಒಟ್ಟಿಗೆ ಬಂತು. ಸಾಫ್ಟ್‌ವೇರ್ ಮಾಡಿಕೊಟ್ಟವರು ನೆಟ್ ಸರಿಯಿಲ್ಲ ಎಂದರು. ಇಂಟರ್‌ನೆಟ್ ಕೊಟ್ಟವರು ತಮ್ಮ ಕಡೆ ಎಲ್ಲ ಹಸಿರು ತೋರಿಸುತ್ತಿದೆ ಎಂದರು. ಕೌಂಟರಿನಲ್ಲಿ ಕೂತವರಿಗೆ ಇಬ್ಬರ ಉತ್ತರದಿಂದಲೂ ಪ್ರಯೋಜನವಿಲ್ಲ.

ಇಂಥಲ್ಲಿ ನಾನು ಮೊದಲು ಸ್ಪೀಡ್ ಟೆಸ್ಟ್ ಮಾಡುವುದಿಲ್ಲ. ಅದು ಪಿಸಿಯಿಂದ ಹತ್ತಿರದ ಯಾವುದೋ ಸರ್ವರಿಗೆ ಇರುವ ದಾರಿಯನ್ನು ಅಳೆಯುತ್ತದೆ, ನಮ್ಮ ಬಿಲ್ ಹೋಗಿ ಬರುವ ದಾರಿಯನ್ನಲ್ಲ. ದೂರು ಇರುವ ಹೊತ್ತಿಗೇ ನಮ್ಮ ಸರ್ವರಿನಲ್ಲಿ ಕೂತು, ಶಾಖೆಯ ಜೊತೆ ಈಗಾಗಲೇ ತೆರೆದಿರುವ ಟಿಸಿಪಿ ಸಂಪರ್ಕಗಳನ್ನೇ ನೋಡುತ್ತೇನೆ:

```
ss -tin dst 10.20.3.0/24
```

ಸರ್ವರಿನಲ್ಲೇ ನೋಡುವುದಕ್ಕೆ ಕಾರಣ ಇದೆ. ಕಳೆದುಹೋದ ಪ್ಯಾಕೆಟನ್ನು ಮತ್ತೆ ಕಳಿಸುವುದು ಕಳಿಸಿದವನ ಕೆಲಸ, ಆದ್ದರಿಂದ ಅದರ ಲೆಕ್ಕವೂ ಅವನಲ್ಲೇ ಇರುತ್ತದೆ. ಶಾಖೆಗೆ ಪುಟ ಬರುವುದು ನಿಧಾನ ಎಂದಾದರೆ ಕಳಿಸುವುದು ಸರ್ವರ್. ಶಾಖೆಯ ಪಿಸಿಯಲ್ಲಿ ಎಷ್ಟು ಹುಡುಕಿದರೂ ಆ ಲೆಕ್ಕ ಸಿಗದು.

ಬದಿಯಡ್ಕದ ಸಂಪರ್ಕವೊಂದರಲ್ಲಿ ಕಂಡದ್ದು, ಬೇಕಾದಷ್ಟು ಮಾತ್ರ:

```
rto:232 rtt:31.6/5.8 mss:1368 cwnd:6
bytes_sent:2866000 bytes_retrans:60192 retrans:0/44
```

`retrans` ಎದುರಿನ ಎರಡನೆಯ ಅಂಕಿ ಸಂಪರ್ಕ ತೆರೆದಂದಿನಿಂದ ಮರುಕಳಿಸಿದ ಒಟ್ಟು ಪ್ಯಾಕೆಟ್. ಬೆಳಿಗ್ಗೆ ಆದ ನಷ್ಟವೂ ಅದರಲ್ಲಿ ಸೇರಿರಬಹುದಾದ್ದರಿಂದ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಅಂಕಿ ಏರುತ್ತಲೇ ಇದ್ದರೆ ತೊಂದರೆ ಈಗಲೂ ಇದೆ. ಇಲ್ಲಿ ಏರುತ್ತಿತ್ತು. ಕಳಿಸಿದ ಬೈಟುಗಳಲ್ಲಿ ಶೇ. 2.1ರಷ್ಟು ಮರುಕಳಿಸಿದ್ದು. ಕೇಳಲು ಸಣ್ಣದು, ಪರಿಣಾಮ ಸಣ್ಣದಲ್ಲ. ಪ್ರತಿ ನಷ್ಟಕ್ಕೂ ಟಿಸಿಪಿ ತನ್ನ ಕಳಿಸುವ ಪ್ರಮಾಣವನ್ನು ತಗ್ಗಿಸುತ್ತದೆ. ಅದಕ್ಕೊಂದು ಹಳೆಯ ಅಂದಾಜು ಸೂತ್ರ ಇದೆ:

```
ವೇಗ ≈ (MSS / RTT) × 1.22 / √p
```

`MSS` ಎಂದರೆ ಒಂದು ಪ್ಯಾಕೆಟಿನಲ್ಲಿ ಹಿಡಿಯುವ ಡೇಟಾ, `RTT` ಹೋಗಿ ಬರುವ ಸಮಯ, `p` ನಷ್ಟದ ಪ್ರಮಾಣ. ಮೇಲಿನ ಅಂಕಿ ಹಾಕಿದರೆ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಬರುತ್ತದೆ. ಲೈನ್ 50 ಮೆಗಾಬಿಟ್‌ನದ್ದು. ಬಿಲ್ಲಿನಂಥ ಚಿಕ್ಕ ಉತ್ತರಕ್ಕೆ ಇನ್ನೊಂದು ಪೆಟ್ಟು ಇದೆ: ಕೊನೆಯ ಪ್ಯಾಕೆಟೇ ಕಳೆದುಹೋದರೆ, ಅದರ ಹಿಂದೆ ಬಂದು ಸುಳಿವು ಕೊಡುವ ಪ್ಯಾಕೆಟ್ ಇರುವುದಿಲ್ಲ. ಆಗ ಎಷ್ಟೋ ಸಲ `rto` ಮುಗಿಯುವ ತನಕ, ಅಂದರೆ 232 ಮಿಲಿಸೆಕೆಂಡ್ ಸುಮ್ಮನೆ ಕಾಯಬೇಕಾಗುತ್ತದೆ. ಮರುಕಳಿಸಿದ್ದೂ ಕಳೆದರೆ ಕಾಯುವ ಸಮಯ ಇಮ್ಮಡಿ. ಒಂದು ಪುಟಕ್ಕೆ ಹತ್ತಾರು ಸಣ್ಣ ವಿನಂತಿಗಳು ಹೋಗುವ ಸಾಫ್ಟ್‌ವೇರಿನಲ್ಲಿ ಇದು ಕೂಡಿ ಕೂಡಿ ಸೆಕೆಂಡುಗಳಾಗುತ್ತದೆ. “ಅಣ್ಣ, ಯಾವುದನ್ನು ಒತ್ತಿದ್ರೂ ಚಕ್ರ ತಿರುಗ್ತಾ ಇರ್ತದೆ” ಎಂದು ಬದಿಯಡ್ಕದ ಹುಡುಗ ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು.

ಕುಂಬಳೆಯ ಅಕ್ಕನ ಮಾತು ಬೇರೆ ಇತ್ತು: “ಬಿಲ್ ಎಲ್ಲ ಆಗ್ತದೆ. ಸದಸ್ಯರ ಲೆಡ್ಜರ್ ತೆಗೆದ್ರೆ ಮಾತ್ರ ನಿಂತುಬಿಡ್ತದೆ.” ಅವರಿಗೆ ಫೋನಿನಲ್ಲೇ ಲೆಡ್ಜರ್ ಒತ್ತಲು ಹೇಳಿ, ಪುಟ ಬರುವ ಮೊದಲೇ ಆ ಸಂಪರ್ಕ ನೋಡಿದೆ:

```
rtt:29.4/2.1 mss:1368 cwnd:10
lastsnd:41200 lastrcv:6120 app_limited
```

`retrans` ಪದವೇ ಇಲ್ಲ. ಮರುಕಳಿಸಿದ್ದು ಸೊನ್ನೆಯಾದರೆ `ss` ಅದನ್ನು ತೋರಿಸುವುದಿಲ್ಲ. ನನಗೆ ತುಂಬ ಬೆಲೆಯುಳ್ಳದ್ದು ಎನಿಸುವುದು `lastrcv`, `lastsnd` ಎಂಬ ಎರಡು ಅಂಕಿಗಳು. ವಿನಂತಿ ಬಂದು ಮುಟ್ಟಿ 6.1 ಸೆಕೆಂಡ್ ಆಗಿದೆ, ಸರ್ವರ್ ಕೊನೆಯದಾಗಿ ಏನನ್ನಾದರೂ ಕಳಿಸಿದ್ದು 41 ಸೆಕೆಂಡಿನ ಹಿಂದೆ. ಜೊತೆಗೆ `Recv-Q`, `Send-Q` ಎರಡೂ ಸೊನ್ನೆ. ಎಂದರೆ ಅಪ್ಲಿಕೇಶನ್ ವಿನಂತಿಯನ್ನು ಓದಿಕೊಂಡಿದೆ, ಉತ್ತರವಿನ್ನೂ ಹುಟ್ಟಿಲ್ಲ, ದಾರಿಯಲ್ಲಿ ಏನೂ ಸಿಕ್ಕಿಕೊಂಡಿಲ್ಲ. `Send-Q`ನಲ್ಲಿ ರಾಶಿ ಬಿದ್ದಿದ್ದರೆ ಅನುಮಾನ ದಾರಿಯ ಮೇಲೆ ಅಥವಾ ಆಚೆಯ ಪಿಸಿಯ ಮೇಲೆ ಹೋಗುತ್ತಿತ್ತು.

ಇಷ್ಟಾದ ಮೇಲೆ ಐಪರ್ಫ್. ಇದು ಮೆಮೊರಿಯಿಂದ ಮೆಮೊರಿಗೆ ಡೇಟಾ ಕಳಿಸುತ್ತದೆ. ಡಿಸ್ಕ್, ಡೇಟಾಬೇಸ್, ನಮ್ಮ ಸಾಫ್ಟ್‌ವೇರ್ ಯಾವುದೂ ನಡುವೆ ಬರುವುದಿಲ್ಲ. ಲೈನನ್ನು ಪೂರ್ತಿ ತುಂಬಿಸುವುದರಿಂದ ಕೌಂಟರ್ ಮುಚ್ಚಿದ ಮೇಲೆಯೇ ಮಾಡಬೇಕು. ಸರ್ವರಿನಲ್ಲಿ `iperf3 -s`, ಶಾಖೆಯಲ್ಲಿ:

```
iperf3 -c 10.20.0.5 -t 30
iperf3 -c 10.20.0.5 -t 30 -R
```

`-R` ಹಾಕಿದರೆ ಸರ್ವರ್ ಕಳಿಸುತ್ತದೆ, ಶಾಖೆ ಪಡೆಯುತ್ತದೆ. ದೂರು ಇರುವುದು ಆ ದಿಕ್ಕಿನಲ್ಲಾದ್ದರಿಂದ ಅದನ್ನು ಬಿಟ್ಟರೆ ಪರೀಕ್ಷೆ ಅರ್ಧವೇ. ಕುಂಬಳೆಯಲ್ಲಿ ಎರಡೂ ದಿಕ್ಕಿಗೆ 40 ಮೆಗಾಬಿಟ್ ದಾಟಿತು. ಬದಿಯಡ್ಕದಲ್ಲಿ ಮೇಲೆ ಹೋಗುವುದು 38, `-R`ನಲ್ಲಿ 3.1. ಸೂತ್ರದ ಅಂದಾಜಿಗೆ ಇಷ್ಟು ಹತ್ತಿರ ಬಂದದ್ದು ನೋಡಿ ನನಗೆ ಧೈರ್ಯ ಬಂತು.

ಒಂದು ಎಚ್ಚರ ಬೇಕು. ಐಪರ್ಫ್ ಫಲಿತಾಂಶದ `Retr` ಕಾಲಮ್ಮಿನಲ್ಲಿ ಅಂಕಿ ಕಂಡ ಕೂಡಲೇ ಲೈನ್ ಕೆಟ್ಟಿದೆ ಎನ್ನಬಾರದು. ಲೈನ್ ತುಂಬಿ ಸರದಿ ಉಕ್ಕಿದಾಗ ಒಳ್ಳೆಯ ದಾರಿಯಲ್ಲೂ ಪ್ಯಾಕೆಟ್ ಬೀಳುತ್ತದೆ. ಟಿಸಿಪಿ ತನ್ನ ಮಿತಿ ತಿಳಿಯುವುದೇ ಹಾಗೆ. ಕುಂಬಳೆಯಲ್ಲೂ `Retr` ಸೊನ್ನೆ ಇರಲಿಲ್ಲ. ಲೈನ್ ಖಾಲಿ ಇದ್ದಾಗಲೂ ನಷ್ಟ ಇದೆಯೇ ಎಂದು ತಿಳಿಯಲು ಸ್ವಲ್ಪವೇ ಯುಡಿಪಿ ಹರಿಸಿ ನೋಡುತ್ತೇನೆ:

```
iperf3 -c 10.20.0.5 -u -b 2M -t 30 -R
```

50ರ ಲೈನಿನಲ್ಲಿ 2 ಮೆಗಾಬಿಟ್ ಹರಿಸಿದಾಗಲೂ ಬದಿಯಡ್ಕದಲ್ಲಿ ಶೇ. 2ರಷ್ಟು ಕಳೆಯಿತು, ಕುಂಬಳೆಯಲ್ಲಿ ಏನೂ ಇಲ್ಲ. ದಟ್ಟಣೆಯಲ್ಲ, ಎಲ್ಲೋ ತುಂಡಾಗುತ್ತಿದೆ. ಬದಿಯಡ್ಕದ ರೂಟರ್ ಲಿನಕ್ಸ್‌ನದ್ದಾದ್ದರಿಂದ ಹೊರಗಿನ ಪೋರ್ಟಿನ ಲೆಕ್ಕ ತೆಗೆದೆ:

```
ip -s -s link show eth1
```

ಬರುವ ದಿಕ್ಕಿನ `crc`, ಅಂದರೆ ಕೆಟ್ಟು ಬಂದ ಫ್ರೇಮುಗಳ ಅಂಕಿ, ಐಪರ್ಫ್ ನಡೆದಾಗೆಲ್ಲ ಏರುತ್ತಿತ್ತು. ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಕೇಬಲ್ ಮಾಡಿನ ಅಂಚಿನಲ್ಲಿ ಮಳೆಗೆ ನೆನೆಯುತ್ತಾ ಬಂದಿತ್ತು, ಪ್ಲಗ್ಗಿನ ತಾಮ್ರ ಹಸಿರುಗಟ್ಟಿತ್ತು. ಪಡೆಯುವ ಜೋಡಿ ತಂತಿ ಮಾತ್ರ ಕೆಟ್ಟದ್ದರಿಂದ ಒಂದೇ ದಿಕ್ಕಿಗೆ ತೊಂದರೆ. ಇಂಟರ್‌ನೆಟ್‌ನವರ ಹಸಿರು ಸುಳ್ಳಲ್ಲ. ಅವರ ಫೈಬರ್ ಸರಿಯೇ ಇತ್ತು, ಕೆಟ್ಟದ್ದು ಅದರ ನಂತರದ ಕೆಲವು ಮೀಟರ್. ಹೊಸ ಕೇಬಲನ್ನು ಒಳಗಿನಿಂದ ಎಳೆದ ಮೇಲೆ `crc` ನಿಂತಿತು, `-R` 40 ದಾಟಿತು, ಬಿಲ್ಲು ತಟ್ಟನೆ ಬರತೊಡಗಿತು.

ಆದರೆ ಬದಿಯಡ್ಕದಲ್ಲಿ ಲೆಡ್ಜರ್ ತೆಗೆದರೆ ಮತ್ತೂ ಆರೇಳು ಸೆಕೆಂಡ್! ಕುಂಬಳೆಯ ತೊಂದರೆ ಅಲ್ಲಿಯೂ ಇತ್ತು, ಕೇಬಲಿನ ಹಿಂದೆ ಅಡಗಿತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್, `log_min_duration_statement` ಅನ್ನು 2000 ಮಾಡಿದಾಗ ಎರಡು ಸೆಕೆಂಡ್ ಮೀರಿದ ಕ್ವೆರಿಗಳು ಲಾಗಿಗೆ ಬಂದವು. ಲೆಡ್ಜರಿನದ್ದು ವರ್ಷಗಳ ನಮೂದುಗಳಿರುವ ಟೇಬಲನ್ನು ಪ್ರತಿ ಸಲ ಮೊದಲಿನಿಂದ ಕೊನೆತನಕ ಓದುತ್ತಿತ್ತು. ಸದಸ್ಯ ಸಂಖ್ಯೆ ಮತ್ತು ದಿನಾಂಕದ ಮೇಲೆ ಇಂಡೆಕ್ಸ್ ಇರಲಿಲ್ಲ. `ss`ನ ಆ ಸಾಲು ಮತ್ತು ಲಾಗಿನ ಸಾಲು ಎರಡನ್ನೂ ಸಾಫ್ಟ್‌ವೇರಿನವರಿಗೆ ಕಳಿಸಿದೆ. ಈ ಸಲ ಅವರು ನೆಟ್ಟಿನ ಮಾತೆತ್ತಲಿಲ್ಲ, ಇಂಡೆಕ್ಸ್ ಹಾಕಿಕೊಟ್ಟರು.

ಈ ಎರಡರ ನಡುವೆ ಬೀಳುವ ಮೂರನೆಯದೊಂದು ಇದೆ. ಮರುಕಳಿಸುವಿಕೆ ಇಲ್ಲ, ಅಪ್ಲಿಕೇಶನ್ ಕೂಡ ಚುರುಕು, ಆದರೂ ಐಪರ್ಫ್ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಪಡೆಯುವ ಪಿಸಿಯ ಟಿಸಿಪಿ ವಿಂಡೋ, ಅಂದರೆ ಅದು ಒಮ್ಮೆಗೆ ತೆಗೆದುಕೊಳ್ಳಲು ಒಪ್ಪುವ ಡೇಟಾದ ಮಿತಿ, 64 ಕಿಲೋಬೈಟ್‌ನಲ್ಲಿ ನಿಂತಿದ್ದರೆ, 30 ಮಿಲಿಸೆಕೆಂಡ್ ದೂರದಲ್ಲಿ ಸುಮಾರು 17.5 ಮೆಗಾಬಿಟ್‌ಗಿಂತ ಹೆಚ್ಚು ಬರುವುದೇ ಇಲ್ಲ. ಆಗ `ss`ನಲ್ಲಿ `rwnd_limited` ಕಾಣುತ್ತದೆ. `-P 4` ಕೊಟ್ಟು ನಾಲ್ಕು ಸಂಪರ್ಕ ಒಟ್ಟಿಗೆ ಹರಿಸಿದಾಗ ಒಟ್ಟು ವೇಗ ಹಲವು ಪಟ್ಟು ಏರಿದರೆ, ಕೇಬಲನ್ನೂ ಡೇಟಾಬೇಸನ್ನೂ ಬಿಟ್ಟು ಆ ಪಿಸಿಯ ಟಿಸಿಪಿ ಸೆಟ್ಟಿಂಗ್ ನೋಡುತ್ತೇನೆ.