ಮಟನ್ ಗಸಿಗೆ ಕುಕ್ಕರೋ, ಸಣ್ಣ ಉರಿಯೋ?

ಮಟನ್ ಗಸಿ ಮಾಡುವಾಗ ಮಾಂಸ ಬೇಯಿಸಲು ಕುಕ್ಕರ್, ಮಸಾಲೆ ಕುದಿಸಲು ತೆರೆದ ಪಾತ್ರೆ. ನನ್ನ ಲೆಕ್ಕ ಇಷ್ಟೇ. ಎರಡನ್ನೂ ಒಂದರಲ್ಲೇ ಮುಗಿಸಲು ಹೋದರೆ ಏನಾದರೂ ಒಂದು ಕೆಡುತ್ತದೆ.

ಮಾಂಸ ಗಟ್ಟಿಯಾಗಿರಲು ಮುಖ್ಯ ಕಾರಣ ಎಳೆಗಳ ನಡುವೆ ಇರುವ ಬಿಳಿ ಪೊರೆ, ನರದ ಹಾಗೆ ಕಾಣುವ ಭಾಗ. ಅದರಲ್ಲಿರುವುದು ಕೊಲಾಜನ್. ನೀರಿನಲ್ಲಿ ಸಾಕಷ್ಟು ಹೊತ್ತು ಬೆಂದರೆ ಅದು ಕರಗಿ ಜೆಲಾಟಿನ್ ಆಗುತ್ತದೆ, ಗಸಿ ಬೆರಳಿಗೆ ಸ್ವಲ್ಪ ಅಂಟುವುದು ಅದರಿಂದಲೇ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಕುಕ್ಕರ್ ಒಳಗೆ ಒತ್ತಡದಿಂದ ಅದು ಸುಮಾರು 120 ಡಿಗ್ರಿವರೆಗೆ ಹೋಗುತ್ತದೆ. ಆದ್ದರಿಂದ ಅಲ್ಲಿ ಕೊಲಾಜನ್ ಬೇಗ ಕರಗುತ್ತದೆ. ಆದರೆ ಅದೇ ಶಾಖಕ್ಕೆ ಮಾಂಸದ ಎಳೆಗಳೂ ಮುದುಡಿ ತಮ್ಮ ರಸವನ್ನು ಹೊರಗೆ ಹಿಂಡುತ್ತವೆ. ಹಾಗಾಗಿ ಕುಕ್ಕರ್‌ನಲ್ಲಿ ಐದು ನಿಮಿಷ ಹೆಚ್ಚಾದರೂ ಗೊತ್ತಾಗುತ್ತದೆ. ಸಣ್ಣ ಉರಿಯಲ್ಲಿ ಕಾಲು ಗಂಟೆ ಹೆಚ್ಚಾದರೂ ಅಷ್ಟೇನೂ ವ್ಯತ್ಯಾಸವಾಗುವುದಿಲ್ಲ.

ಒಂದು ಕಿಲೋ ಆಡಿನ ಮಾಂಸ ತಂದಿದ್ದೀರಿ ಅಂದುಕೊಳ್ಳಿ. ಎಲುಬು ಇರುವ ಭುಜದ ಭಾಗವಾದರೆ ಒಳ್ಳೆಯದು, ಅದರಲ್ಲಿ ಕೊಲಾಜನ್ ಜಾಸ್ತಿ. ಉಪ್ಪು, ಅರಶಿನ, ಶುಂಠಿ ಹಾಕಿ ಒಂದೇ ಲೋಟ ನೀರು ಬಿಡಿ. ಮಾಂಸವೇ ಬೇಕಾದಷ್ಟು ನೀರು ಬಿಡುತ್ತದೆ, ಸುಮ್ನೆ ಮುಳುಗುವಷ್ಟು ಹಾಕಬೇಡಿ. ದೊಡ್ಡ ಉರಿಯಲ್ಲಿ ಮೊದಲ ವಿಸಿಲ್ ಬರಲಿ. ಆಮೇಲೆ ಉರಿ ಸಣ್ಣ ಮಾಡಿ, ವಿಸಿಲ್ ಎಣಿಸದೆ ಗಡಿಯಾರ ನೋಡಿ. ಎಳೆ ಮಾಂಸಕ್ಕೆ ಹನ್ನೆರಡು ನಿಮಿಷ, ಸಾಧಾರಣಕ್ಕೆ ಇಪ್ಪತ್ತು, ಬಲಿತ ಆಡಿಗೆ ಅರ್ಧ ಗಂಟೆ. ವಿಸಿಲ್ ನಂಬಿದರೆ ಮೋಸವಾಗುವುದೇ ಹೆಚ್ಚು, ಏಕೆಂದರೆ ಉರಿ ದೊಡ್ಡದಿದ್ದಷ್ಟೂ ಅದು ಬೇಗ ಬೇಗ ಕೂಗುತ್ತದೆ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಅವಸರದಲ್ಲಿ ಉಗಿ ಬಿಟ್ಟರೆ ಒಳಗಿನ ರಸ ಒಮ್ಮೆಲೇ ಕೊತಕೊತ ಕುದಿದು ತುಂಡು ಒಣಗುತ್ತದೆ, ಎಲುಬಿನಿಂದ ಬಿಟ್ಟು ಚೂರೂ ಆಗುತ್ತದೆ. ಕಾಯಿಸುವುದು, ಇಳಿಯುವುದು ಎಲ್ಲ ಸೇರಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅದೇ ಮಾಂಸ ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಲು ಒಂದೂವರೆಯಿಂದ ಎರಡು ಗಂಟೆ ಬೇಕು. ಬಿಡುವಿರುವ ಭಾನುವಾರ ನಾನು ಹಾಗೇ ಮಾಡುವುದು. ತುಂಡು ಒಡೆಯದೆ ಮೆತ್ತಗಾಗುತ್ತದೆ, ರುಚಿಯೂ ಬೇರೆಯೇ.

ಬೆಂದಿದೆಯಾ ಎಂದು ನೋಡಲು ದೊಡ್ಡ ತುಂಡೊಂದನ್ನು ತೆಗೆದು ಚಮಚದ ಅಂಚಿನಿಂದ ಒತ್ತಿ. ಒತ್ತಿದ್ದು ರಬ್ಬರಿನ ಹಾಗೆ ಹಿಂದೆ ಬಂದರೆ ಕೊಲಾಜನ್ ಇನ್ನೂ ಕರಗಿಲ್ಲ, ಮತ್ತೆ ಐದಾರು ನಿಮಿಷ ಇಡಿ. ಮೆತ್ತಗೆ ಬಿಟ್ಟುಕೊಂಡು ಒಳಗೆ ರಸ ಕಂಡರೆ ಸರಿಯಾಗಿದೆ. ಸುಲಭವಾಗಿ ನಾರು ನಾರಾಗಿ ಬಿಟ್ಟರೂ ಬಾಯಲ್ಲಿ ಒಣ ಒಣ ಎನಿಸಿದರೆ ಅದು ಹೆಚ್ಚು ಬೆಂದದ್ದು. ಅದಕ್ಕೆ ಮದ್ದಿಲ್ಲ, ಕಾಯಿತುರಿ ಹಾಕಿ ಸುಕ್ಕ ಮಾಡಿಬಿಡಿ.

ಕುಕ್ಕರ್‌ನಲ್ಲಿ ಸತ್ವವೆಲ್ಲ ಹೋಗುತ್ತದೆ ಎನ್ನುವವರಿದ್ದಾರೆ. ಮಾಂಸದ ಪ್ರೋಟೀನ್, ಕಬ್ಬಿಣ, ಸತು ಬೆಂದರೆ ನಾಶವಾಗುವುದಿಲ್ಲ. ಶಾಖಕ್ಕೆ ಹಾಳಾಗುವುದು ಬಿ ಗುಂಪಿನ ಕೆಲವು ವಿಟಮಿನ್, ಅದರಲ್ಲೂ ಬಿ1. ಕುಕ್ಕರ್‌ನಲ್ಲಿ ಶಾಖ ಜಾಸ್ತಿ, ಹೊತ್ತು ಕಡಿಮೆ. ಸಣ್ಣ ಉರಿಯಲ್ಲಿ ಶಾಖ ಕಡಿಮೆ, ಹೊತ್ತು ಜಾಸ್ತಿ. ಹಾಗಾಗಿ ಯಾವುದೋ ಒಂದು ಪಾತ್ರೆಯನ್ನೇ ದೂರುವುದು ಸರಿಯಲ್ಲ. ಈ ವಿಟಮಿನ್ ನೀರಿಗೂ ಇಳಿಯುತ್ತದೆ, ಆದ್ದರಿಂದ ನಿಜವಾದ ನಷ್ಟ ಬೆಂದ ನೀರು ಚೆಲ್ಲಿದಾಗ ಆಗುವುದು. ವಾಸನೆ ಹೋಗಲಿ ಎಂದು ಮೊದಲ ಕುದಿಯ ನೀರು ಬಸಿದು ಬಿಸಾಡುವ ಅಭ್ಯಾಸ ಕೆಲವರಿಗಿದೆ, ಅದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಆ ನೀರನ್ನು ಗಸಿಗೇ ಸೇರಿಸಿ, ನೀರುದೋಸೆಯ ಜೊತೆ ಹೊಟ್ಟೆಗೇ ಹೋಗುತ್ತದೆ.

ಬೆಂದ ಮಾಂಸವನ್ನು ನೀರಿನ ಸಮೇತ ಅಗಲ ಪಾತ್ರೆಗೆ ಹಾಕಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಯಿತುರಿ ಹುರಿದು ಅರೆದ ಮಸಾಲೆ ಮತ್ತು ಹುಣಸೆಹುಳಿ ಸೇರಿಸಿ ಹದಿನೈದು ನಿಮಿಷ ಸಣ್ಣಗೆ ಕುದಿಸಿ. ಕಾಯಿ ಅರೆದದ್ದನ್ನು ಕುಕ್ಕರ್‌ಗೆ ಹಾಕಿದರೆ ತಳ ಹಿಡಿಯುತ್ತದೆ. ತೆಂಗಿನ ಹಾಲು ಹಾಕುವುದಿದ್ದರೆ ಎಲ್ಲಕ್ಕಿಂತ ಕೊನೆಗೆ, ಜೋರು ಕುದಿಸಿದರೆ ಒಡೆಯುತ್ತದೆ.

ಕೋಳಿಗೆ ಈ ಲೆಕ್ಕ ನಡೆಯುವುದಿಲ್ಲ. ಬ್ರಾಯ್ಲರ್‌ಗೆ ಕುಕ್ಕರ್ ಬೇಡವೇ ಬೇಡ, ತೆರೆದ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಸಾಕು. ಊರ ಕೋಳಿ ಮಾತ್ರ ಒಂದು ಗಂಟೆ ಬೇಯುತ್ತದೆ, ಹೊತ್ತಿಲ್ಲದಿದ್ದರೆ ಕುಕ್ಕರ್‌ನಲ್ಲಿ ಸಣ್ಣ ಉರಿಯ ಹದಿನೈದು ನಿಮಿಷ ಕೊಡಿ.